ಮಕ್ಕಳ ಯೋಚನೆಯ ಹಂತಗಳು: ತರಗತಿಯ ಉದಾಹರಣೆಗೆ ಉತ್ತರ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೋವಿಜ್ಞಾನದ ಪರೀಕ್ಷೆಗೆ ಓದುವವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲವೂ ಜೀನ್ ಪಿಯಾಜೆ ಹೇಳಿದ ಹಂತಗಳ ಬಗ್ಗೆ. ಅದರಲ್ಲೂ ಆರೇಳು ವರ್ಷದ ಆಸುಪಾಸಿನಲ್ಲಿ ಮಗುವಿನ ಯೋಚನೆ ಬದಲಾಗುವ ಆ ಒಂದು ತಿರುವಿನ ಮೇಲೆ ಜಾಸ್ತಿ ಹೊತ್ತು ನಿಂತಿದ್ದೇನೆ. ಪ್ರಾಥಮಿಕ ತರಗತಿಯ ಉದಾಹರಣೆಗಳು ಹೆಚ್ಚಾಗಿ ಅಲ್ಲಿಂದಲೇ ಬರುತ್ತವೆ. ಉತ್ತರ ಬರೆಯುವವರು ಎಡವುವುದೂ ಅಲ್ಲೇ.

## ಮೊದಲು ತಿಳಿಯಬೇಕಾದವು

ನಾಲ್ಕು ಹಂತ, ವಯಸ್ಸು, ಲಕ್ಷಣ ಎಲ್ಲಾ ಬಾಯಿಪಾಠ ಇದೆ. ಆದ್ರೂ ಉದಾಹರಣೆ ಕೊಟ್ಟು ಕೇಳಿದ್ರೆ ಅಂಕ ಬರಲ್ಲ. ಯಾಕೆ?

ಏಕೆಂದರೆ ಅಂಥ ಪ್ರಶ್ನೆ ಹಂತಗಳ ಪಟ್ಟಿಯನ್ನು ಕೇಳುತ್ತಿಲ್ಲ. ಒಂದು ಮಗು ಏನೋ ಮಾಡಿತು ಅಥವಾ ಹೇಳಿತು, ಅದರ ಹಿಂದೆ ಯಾವ ರೀತಿಯ ಯೋಚನೆ ಇದೆ ಎಂದು ಕೇಳುತ್ತಿದೆ. ಬಹಳ ಉತ್ತರಗಳು ಹೀಗಿರುತ್ತವೆ: ಮೊದಲ ಪುಟದಲ್ಲಿ ನಾಲ್ಕೂ ಹಂತಗಳ ವಿವರ, ಕೊನೆಗೆ ಒಂದೇ ಸಾಲಿನಲ್ಲಿ "ಆದ್ದರಿಂದ ಈ ಮಗು ಕಾರ್ಯಪೂರ್ವ ಹಂತದಲ್ಲಿದೆ". ಆ "ಆದ್ದರಿಂದ" ಯಾವುದರಿಂದ ಬಂತು ಅನ್ನುವುದು ಎಲ್ಲೂ ಇರುವುದಿಲ್ಲ. ತಿದ್ದುವವರು ಹುಡುಕುವುದು ಆ ಕೊಂಡಿಯನ್ನೇ.

ಪಿಯಾಜೆ ಸ್ವತಃ ಈ ದಾರಿಗೆ ಬಂದ ಬಗೆಯೂ ಇದೇ. ಹುಟ್ಟಿದ್ದು 1896ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಓದಿದ್ದು ಜೀವಶಾಸ್ತ್ರ. ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳ ಕೆಲಸ ಮಾಡುವಾಗ ಅವರ ಗಮನ ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳ ಮೇಲೆ ಹೋಯಿತು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದರು. ಹಾಗಾದರೆ ತಪ್ಪಿನ ಒಳಗೂ ಒಂದು ಲೆಕ್ಕಾಚಾರ ಇದೆ ಅಲ್ವಾ? ನಿಮ್ಮ ಉತ್ತರವೂ ಅಲ್ಲಿಂದಲೇ ಶುರುವಾಗಬೇಕು: ಮಗು ತಪ್ಪಿದ್ದು ಎಲ್ಲಿ, ಅದರ ಲೆಕ್ಕದಲ್ಲಿ ಅದು ಸರಿ ಹೇಗೆ?

ಗೊಂದಲ ಇಲ್ಲದ ಹಾಗೆ ನಾಲ್ಕು ಹಂತಗಳನ್ನು ಒಂದೊಂದು ಮಾತಲ್ಲಿ ಹೇಳ್ತೀರಾ?

ಹುಟ್ಟಿನಿಂದ ಸುಮಾರು 2 ವರ್ಷದವರೆಗೆ ಸಂವೇದನಾ ಚಲನಾ ಹಂತ: ಮಗು ನೋಡಿ, ಮುಟ್ಟಿ, ಬಾಯಿಗಿಟ್ಟು, ಎಸೆದು ತಿಳಿಯುತ್ತದೆ. 2ರಿಂದ 7 ಕಾರ್ಯಪೂರ್ವ ಹಂತ: ಮಾತು, ಚಿತ್ರ, ನಟನೆಯ ಆಟ ಬರುತ್ತದೆ, ಆದರೆ ಕಣ್ಣಿಗೆ ಕಂಡದ್ದೇ ತೀರ್ಪು. 7ರಿಂದ 11 ಮೂರ್ತ ಕಾರ್ಯ ಹಂತ: ಕಂಡದ್ದನ್ನು ಮೀರಿ ತರ್ಕ ಮಾಡುತ್ತದೆ, ಆದರೆ ವಸ್ತು ಎದುರಿಗಿರಬೇಕು ಅಥವಾ ಕಲ್ಪಿಸಿಕೊಳ್ಳುವಂತಿರಬೇಕು. 11–12ರ ನಂತರ ಔಪಚಾರಿಕ ಕಾರ್ಯ ಹಂತ: "ಹೀಗಿದ್ದರೆ ಏನಾಗಬಹುದಿತ್ತು" ಎಂದು ವಸ್ತುವಿಲ್ಲದೆಯೂ ಯೋಚಿಸುತ್ತದೆ.

ಪುಸ್ತಕದಿಂದ ಪುಸ್ತಕಕ್ಕೆ ಕನ್ನಡದ ಹೆಸರು ಸ್ವಲ್ಪ ಬದಲಾಗುತ್ತದೆ. ನೀವು ಓದಿದ ಪುಸ್ತಕದ ಹೆಸರನ್ನೇ ಇಟ್ಟುಕೊಳ್ಳಿ, ಉತ್ತರದುದ್ದಕ್ಕೂ ಅದೊಂದನ್ನೇ ಬಳಸಿ.

"ಕಾರ್ಯ" ಅಂದ್ರೆ ಇಲ್ಲಿ ಏನು? ಚಿಕ್ಕ ಮಕ್ಕಳೂ ಕೆಲಸ ಮಾಡ್ತಾರಲ್ಲ, ಅವರು ಯಾಕೆ "ಕಾರ್ಯಪೂರ್ವ"?

ಇದು ಗೊತ್ತಾದರೆ ಅರ್ಧ ಪಾಠ ಗೊತ್ತಾದಂತೆ. ಇಲ್ಲಿ ಕಾರ್ಯ ಅಂದರೆ ಕೈಕೆಲಸವಲ್ಲ. ಮನಸ್ಸಿನೊಳಗೆ ಮಾಡುವ, ಮನಸ್ಸಿನೊಳಗೇ ಹಿಂದಕ್ಕೂ ತಿರುಗಿಸಬಹುದಾದ ಕ್ರಿಯೆ. 8ಕ್ಕೆ 5 ಸೇರಿಸಿದರೆ 13 ಎಂದು ಬಲ್ಲ ಮಗು, ಯಾರೂ ಹೇಳದೆಯೇ 13ರಿಂದ 5 ತೆಗೆದರೆ 8 ಉಳಿಯಲೇಬೇಕು ಎಂದು ಕಂಡುಕೊಂಡರೆ, ಆ ಕೂಡುವಿಕೆ ಅದಕ್ಕೆ ಕಾರ್ಯವಾಯಿತು. ಕೂಡುವುದು ಒಂದು ಪಾಠ, ಕಳೆಯುವುದು ಇನ್ನೊಂದು ಪಾಠ, ಎರಡಕ್ಕೂ ಸಂಬಂಧವೇ ಇಲ್ಲ ಎನ್ನುವಂತಿದ್ದರೆ ಇನ್ನೂ ಆಗಿಲ್ಲ.

ನೀರನ್ನು ಅಗಲ ಲೋಟದಿಂದ ಉದ್ದ ಲೋಟಕ್ಕೆ ಸುರಿದಾಗ ಐದು ವರ್ಷದ ಮಗು ಸುರಿಯುವುದನ್ನು ನೋಡಿರುತ್ತದೆ. ಕೈಗೆ ಕೊಟ್ಟರೆ ವಾಪಸ್ ಸುರಿಯಲೂ ಬರುತ್ತದೆ. ಆದರೆ ಮನಸ್ಸಿನಲ್ಲಿ ವಾಪಸ್ ಸುರಿದು ನೋಡಿ "ಅದೇ ನೀರು ತಾನೇ" ಎಂದುಕೊಳ್ಳುವುದಿಲ್ಲ. ಹಿಂದಕ್ಕೆ ತಿರುಗಿಸುವ ಈ ಶಕ್ತಿ ಇನ್ನೂ ಬಾರದ ಕಾಲ ಎಂದೇ ಅದು ಕಾರ್ಯಪೂರ್ವ.

ಸಂರಕ್ಷಣೆ ಅಂದ್ರೆ ನೀರಿನ ಲೋಟದ ಪ್ರಯೋಗ, ಅಷ್ಟೇ ಅಲ್ವಾ?

ಅದು ಒಂದು ಪ್ರಯೋಗ ಮಾತ್ರ. ಸಂರಕ್ಷಣೆ ಅಂದರೆ ತೋರಿಕೆ ಬದಲಾದರೂ ಪ್ರಮಾಣ ಬದಲಾಗಿಲ್ಲ ಎಂಬ ತಿಳಿವಳಿಕೆ. ಸಾಲಿನಲ್ಲಿರುವ ಬಟನ್‌ಗಳನ್ನು ದೂರ ದೂರ ಇಟ್ಟರೂ ಸಂಖ್ಯೆ ಅದೇ. ಜೇಡಿಮಣ್ಣಿನ ಉಂಡೆಯನ್ನು ಉದ್ದಕ್ಕೆ ಹೊಸೆದರೂ ಮಣ್ಣು ಅಷ್ಟೇ. ಎರಡು ಸಮ ಕಡ್ಡಿಗಳಲ್ಲಿ ಒಂದನ್ನು ಮುಂದಕ್ಕೆ ಸರಿಸಿದರೂ ಉದ್ದ ಅಷ್ಟೇ. ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿದರೂ ಹಾಳೆ ಹೆಚ್ಚಾಗುವುದಿಲ್ಲ.

ಪ್ರಶ್ನೆ ಕೊಡುವವರು ನೀರಿನ ಲೋಟವನ್ನು ಬಿಟ್ಟು ಇವುಗಳಲ್ಲಿ ಒಂದನ್ನು ಆರಿಸಬಹುದು. ಆಗ ಗುರುತಿಸುವ ದಾರಿ ಒಂದೇ. ಉದಾಹರಣೆಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬದಲಾದದ್ದನ್ನು ಹಿಡಿದು ಮಗು ಬದಲಾಗದ್ದರ ಬಗ್ಗೆ ತೀರ್ಪು ಕೊಡುತ್ತಿದ್ದರೆ ಅದು ಸಂರಕ್ಷಣೆಯ ಪ್ರಶ್ನೆ.

ಸ್ವಕೇಂದ್ರಿತತೆ ಅಂದ್ರೆ ಮಗು ಸ್ವಾರ್ಥಿ ಅಂತಾನಾ?

ಅಲ್ಲ. ತಾನು ನಿಂತ ಜಾಗದಿಂದ ಕಾಣುವುದೇ ಎಲ್ಲರಿಗೂ ಕಾಣುತ್ತದೆ ಎಂದು ತಿಳಿಯುವುದು. ಪುಸ್ತಕವನ್ನು ತನ್ನ ಕಡೆ ತಿರುಗಿಸಿ ಹಿಡಿದು, ಎದುರು ಕೂತ ಗೆಳೆಯನಿಗೆ "ಚಿತ್ರ ನೋಡು" ಎನ್ನುವ ಮಗು ಅವನಿಗೆ ತೋರಿಸಲೇಬೇಕು ಅಂದುಕೊಂಡಿದೆ. ಪ್ರೀತಿಯಿಂದಲೇ ತೋರಿಸುತ್ತಿದೆ. ಅವನಿಗೆ ಪುಸ್ತಕದ ಹಿಂಬದಿ ಕಾಣುತ್ತಿದೆ ಎಂಬುದು ಅದಕ್ಕೆ ಹೊಳೆದಿಲ್ಲ, ಅಷ್ಟೇ. ಆಟಿಕೆ ಹಂಚಿಕೊಳ್ಳದ ಮಗುವನ್ನು ಇದಕ್ಕೆ ಉದಾಹರಣೆಯಾಗಿ ಬರೆಯಬೇಡಿ.

ಸಂವೇದನಾ ಚಲನಾ ಹಂತ ತರಗತಿಗೆ ಸಂಬಂಧವೇ ಇಲ್ಲ ಅಲ್ವಾ? ಬಿಟ್ಟುಬಿಡಲಾ?

ಶಾಲೆಯ ತರಗತಿಯ ಉದಾಹರಣೆಯಲ್ಲಿ ಅಪರೂಪ. ಆದರೆ ಶಿಶುಪಾಲನಾ ಕೇಂದ್ರದ ಸನ್ನಿವೇಶ ಬಂದರೆ ಬೇಕಾಗುತ್ತದೆ. ಆಗ ನೆನಪಿಡಬೇಕಾದ್ದು ವಸ್ತು ಸ್ಥಿರತೆ, ಅಂದರೆ ಕಣ್ಣಿಗೆ ಕಾಣದಿದ್ದರೂ ವಸ್ತು ಇದೆ ಎಂಬ ಅರಿವು. ಬಟ್ಟೆ ಮುಚ್ಚಿದ ಕೂಡಲೇ ಆಟಿಕೆಯನ್ನು ಹುಡುಕುವುದನ್ನೇ ಬಿಡುವ ಕೂಸಿಗೆ ಅದು ಇನ್ನೂ ಬಂದಿಲ್ಲ ಎನ್ನುತ್ತಾರೆ ಪಿಯಾಜೆ.

## ಉದಾಹರಣೆಯನ್ನು ಬಿಡಿಸುವುದು

ಪ್ರಶ್ನೆಯಲ್ಲೇ "ಆರು ವರ್ಷದ ಮಗು" ಅಂತ ಇರುತ್ತೆ. ವಯಸ್ಸು ನೋಡಿ ಹಂತ ಬರೆದ್ರೆ ಮುಗೀತಲ್ಲ?

ವಯಸ್ಸು ಸುಳಿವು, ಸಾಕ್ಷಿ ಅಲ್ಲ. ಪಿಯಾಜೆ ಕೊಟ್ಟ ವಯಸ್ಸುಗಳು ಅಂದಾಜಿನವು. ಅವರು ಪಟ್ಟು ಹಿಡಿದದ್ದು ಹಂತಗಳ ಕ್ರಮದ ಮೇಲೆ: ಯಾವ ಮಗುವೂ ಒಂದನ್ನು ಹಾರಿ ಮುಂದಕ್ಕೆ ಹೋಗುವುದಿಲ್ಲ ಎಂಬುದು ಅವರ ವಾದ. ಯಾವ ವಯಸ್ಸಿಗೆ ಬರುತ್ತದೆ ಎಂಬುದು ಮಗುವಿನಿಂದ ಮಗುವಿಗೆ ಹೆಚ್ಚು ಕಡಿಮೆ ಆಗುತ್ತದೆ.

ಜಾಣ ಪ್ರಶ್ನೆಗಳು ಇದನ್ನೇ ಪರೀಕ್ಷಿಸುತ್ತವೆ. ಎಂಟು ವರ್ಷ ಎಂದು ಹೇಳಿ, ಮಗುವಿನ ಮಾತನ್ನು ಕಾರ್ಯಪೂರ್ವ ಹಂತದ್ದಾಗಿ ಕೊಡುತ್ತಾರೆ. ವಯಸ್ಸನ್ನು ನಂಬಿದವರು "ಮೂರ್ತ ಕಾರ್ಯ ಹಂತ" ಎಂದು ಬರೆದು ಸಿಕ್ಕಿಬೀಳುತ್ತಾರೆ. ಹೀಗೆ ವಯಸ್ಸೂ ಮಾತೂ ಹೊಂದದಿದ್ದರೆ ಅದನ್ನು ಮುಚ್ಚಿಡಬೇಡಿ. "ವಯಸ್ಸಿನ ಪ್ರಕಾರ ಮೂರ್ತ ಕಾರ್ಯ ಹಂತ ನಿರೀಕ್ಷಿಸಬಹುದು, ಆದರೆ ಈ ಕೆಲಸದಲ್ಲಿ ಮಗುವಿನ ಕಾರಣ ಇನ್ನೂ ಕಾರ್ಯಪೂರ್ವ ರೀತಿಯದು" ಎಂದು ನೇರವಾಗಿ ಬರೆಯಿರಿ. ಅದೊಂದು ವಾಕ್ಯ ನೀವು ಉದಾಹರಣೆಯನ್ನು ನಿಜವಾಗಿ ಓದಿದ್ದೀರಿ ಎಂದು ತೋರಿಸುತ್ತದೆ.

ಒಂದು ಪ್ರಶ್ನೆ ತಗೊಂಡು ಮೊದಲಿಂದ ಕೊನೇವರೆಗೆ ಬಿಡಿಸಿ ತೋರಿಸಿ, ಪ್ಲೀಸ್.

ಸರಿ. ಪ್ರಶ್ನೆ ಹೀಗಿದೆ ಎಂದುಕೊಳ್ಳಿ:

"ಶಿಕ್ಷಕಿ ಮೇಜಿನ ಮೇಲೆ ಏಳು ನೀಲಿ ಬಟನ್‌ಗಳನ್ನು ಸಾಲಾಗಿ ಇಡುತ್ತಾರೆ. ಒಂದೊಂದರ ಎದುರಿಗೂ ಒಂದೊಂದು ಕೆಂಪು ಬಟನ್ ಇಡುತ್ತಾರೆ. ಆರು ವರ್ಷದ ಹುಡುಗಿ ಎರಡೂ ಸಮ ಎನ್ನುತ್ತಾಳೆ. ಶಿಕ್ಷಕಿ ಅವಳೆದುರೇ ಕೆಂಪು ಬಟನ್‌ಗಳನ್ನು ದೂರ ದೂರ ಸರಿಸುತ್ತಾರೆ. ಈಗ ಹುಡುಗಿ, 'ಕೆಂಪು ಜಾಸ್ತಿ, ನೋಡಿ ಇಲ್ಲೀವರೆಗೂ ಬಂದಿದೆ' ಎನ್ನುತ್ತಾಳೆ. ಎಣಿಸಲು ಹೇಳಿದಾಗ ಎರಡನ್ನೂ ಸರಿಯಾಗಿ ಏಳು ಎಂದು ಎಣಿಸುತ್ತಾಳೆ. ಮತ್ತೆ ಕೇಳಿದರೆ, 'ಇದೂ ಏಳು, ಅದೂ ಏಳು, ಆದ್ರೂ ಕೆಂಪು ಜಾಸ್ತಿ' ಎನ್ನುತ್ತಾಳೆ. ಹುಡುಗಿಯ ಯೋಚನೆಯನ್ನು ವಿವರಿಸಿ, ಶಿಕ್ಷಕಿ ಮುಂದೇನು ಮಾಡಬಹುದೆಂದು ಸೂಚಿಸಿ."

ಪೆನ್ನು ಎತ್ತುವ ಮೊದಲು ಮಗುವಿನ ಮಾತಿಗೆ ಅಡಿಗೆರೆ ಎಳೆಯಿರಿ. ಇಲ್ಲಿ ಎರಡು ಮಾತುಗಳಿವೆ. "ಇಲ್ಲೀವರೆಗೂ ಬಂದಿದೆ" ಎಂಬುದು ಅವಳು ಕೊಟ್ಟ ಕಾರಣ. ಅವಳು ಸಾಲಿನ ತುದಿಯನ್ನು ನೋಡುತ್ತಿದ್ದಾಳೆ, ಅಂದರೆ ಉದ್ದವನ್ನು. ಬಟನ್‌ಗಳ ನಡುವಿನ ಜಾಗವೂ ಹೆಚ್ಚಾಗಿದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಒಂದೇ ಗುಣಕ್ಕೆ ಕಣ್ಣು ನೆಡುವ ಈ ಬಗೆಗೆ ಕೇಂದ್ರೀಕರಣ ಎಂದು ಹೆಸರು. ಎರಡನೆಯದು "ಇದೂ ಏಳು, ಅದೂ ಏಳು, ಆದ್ರೂ". ಈ ಮಾತು ಸುಮ್ನೆ ಬಂದಿಲ್ಲ. ಅವಳಿಗೆ ಎಣಿಸಲು ಬರುತ್ತದೆ, ಆದರೆ ಎಣಿಕೆಯ ಕೊನೆಯ ಸಂಖ್ಯೆ ಕಣ್ಣಿಗೆ ಕಂಡದ್ದನ್ನು ಸೋಲಿಸುವಷ್ಟು ಗಟ್ಟಿಯಾಗಿಲ್ಲ. ಎಣಿಸಲು ಬಂದರೆ ಸಂಖ್ಯೆ ಅರ್ಥವಾಯಿತು ಎಂದು ತಿಳಿಯುವ ಶಿಕ್ಷಕರಿಗೆ ಪಿಯಾಜೆ ಕೊಟ್ಟ ಬಹು ಮುಖ್ಯ ಎಚ್ಚರಿಕೆ ಇದು.

ಇನ್ನು ಹುಡುಗಿ ಹೇಳದೇ ಬಿಟ್ಟದ್ದನ್ನೂ ನೋಡಿ. ಬಟನ್ ಸರಿಸಿದ್ದು ಅವಳ ಕಣ್ಣೆದುರೇ. "ಹಿಂದಕ್ಕೆ ಸರಿಸಿದರೆ ಮತ್ತೆ ಸಮ ಆಗುತ್ತೆ, ಹಾಗಾಗಿ ಈಗಲೂ ಸಮ" ಎಂದು ಅವಳು ಹೇಳಲಿಲ್ಲ. ಅಲ್ಲಿಗೆ ಹಿಂದಕ್ಕೆ ತಿರುಗಿಸಿ ಯೋಚಿಸುವ ಶಕ್ತಿಯ ಕೊರತೆ ಕಾಣುತ್ತದೆ.

ಈಗ ಉತ್ತರದ ಮುಖ್ಯ ಭಾಗ ಹೀಗೆ ಬರಬಹುದು:

"ಸಾಲು ಬದಲಾದ ಮೇಲೆ ಹುಡುಗಿ ಕೆಂಪು ಬಟನ್ ಜಾಸ್ತಿ ಎನ್ನುತ್ತಾಳೆ. ಸಂಖ್ಯೆ ಬದಲಾಗಿಲ್ಲ, ಜೋಡಣೆ ಮಾತ್ರ ಬದಲಾಗಿದೆ. ಆದ್ದರಿಂದ ಅವಳಲ್ಲಿ ಸಂಖ್ಯೆಯ ಸಂರಕ್ಷಣೆ ಇನ್ನೂ ಬಂದಿಲ್ಲ. 'ಇಲ್ಲೀವರೆಗೂ ಬಂದಿದೆ' ಎಂಬ ಕಾರಣ ಅವಳು ಸಾಲಿನ ಉದ್ದಕ್ಕೆ ಮಾತ್ರ ಗಮನ ಕೊಟ್ಟು, ನಡುವಿನ ಅಂತರವನ್ನು ಬಿಟ್ಟಿರುವುದನ್ನು ತೋರಿಸುತ್ತದೆ. ಇದು ಕೇಂದ್ರೀಕರಣ. ಎರಡೂ ಏಳು ಎಂದು ಎಣಿಸಿದ ಮೇಲೂ ತೀರ್ಪು ಬದಲಾಗದಿರುವುದರಿಂದ, ಅವಳ ಎಣಿಕೆ ಇನ್ನೂ ತೋರಿಕೆಯ ಕೈಕೆಳಗಿದೆ. ಪಿಯಾಜೆ ಹೇಳುವ ಕಾರ್ಯಪೂರ್ವ ಹಂತದ ಯೋಚನೆಗೆ ಇದು ಹೊಂದುತ್ತದೆ. ಬದಲಾವಣೆಗೆ ಮೊದಲು ಎರಡೂ ಸಮ ಎಂದು ಒಪ್ಪಿರುವುದರಿಂದ, 'ಸಮ', 'ಜಾಸ್ತಿ' ಎಂಬ ಮಾತೇ ಅವಳಿಗೆ ಅರ್ಥವಾಗಿಲ್ಲ ಎನ್ನುವಂತಿಲ್ಲ."

ಆ ಕೊನೆಯ ವಾಕ್ಯವನ್ನು ಗಮನಿಸಿ. ಮಗು ತಪ್ಪು ಹೇಳಲು ಬೇರೆ ಕಾರಣವೂ ಇರಬಹುದು, ಮಾತು ತಿಳಿಯದೇ ಇರಬಹುದು. ಅದನ್ನು ಉದಾಹರಣೆಯ ಒಳಗಿನ ಸಾಕ್ಷಿಯಿಂದಲೇ ತಳ್ಳಿಹಾಕಿದ್ದೇವೆ. ಈ ಅಭ್ಯಾಸ ಬೆಳೆದರೆ ನಿಮ್ಮ ಉತ್ತರ ಬೇರೆಯವರ ಉತ್ತರದಿಂದ ಎದ್ದು ಕಾಣುತ್ತದೆ.

ನಾಲ್ಕೂ ಹಂತಗಳ ಪಟ್ಟಿ ಇಲ್ಲಿ ಬೇಡ. ಕೇಳಿದ ಹಂತಕ್ಕೆ ಒಂದೆರಡು ವಾಕ್ಯ, ಅದರ ಮುಂದಿನ ಹಂತ ಹೇಗೆ ಬೇರೆ ಎಂದು ಒಂದು ವಾಕ್ಯ, ಅಷ್ಟು ಸಾಕು.

ಮಗು ಸರಿ ಉತ್ತರ ಹೇಳಿದ್ರೆ ಮೂರ್ತ ಕಾರ್ಯ ಹಂತ ಅಂತ ಧೈರ್ಯವಾಗಿ ಬರೀಬಹುದಾ?

ಕಾರಣ ಕೇಳುವವರೆಗೆ ಬೇಡ. "ಎರಡೂ ಸಮ" ಎನ್ನುವುದು ಊಹೆ ಇರಬಹುದು, ಶಿಕ್ಷಕರ ಮುಖ ನೋಡಿ ಹೇಳಿದ್ದಿರಬಹುದು. ಪಿಯಾಜೆ ಮಕ್ಕಳ ಜೊತೆ ಮಾತನಾಡುತ್ತಾ, "ಹೇಗೆ ಗೊತ್ತು?" ಎಂದು ಕೇಳುತ್ತಾ ಹೋದದ್ದು ಇದಕ್ಕೇ.

ಸಂರಕ್ಷಣೆ ನಿಜವಾಗಿ ಬಂದ ಮಗು ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಕೊಡುತ್ತದೆ. "ನೀವು ಏನೂ ಸೇರಿಸಲಿಲ್ಲ, ತೆಗೀಲಿಲ್ಲ" ಎಂದರೆ ಅದು ಅದೇ ವಸ್ತು ಎಂಬ ಕಾರಣ. "ಉದ್ದ ಆಯ್ತು, ಆದ್ರೆ ತೆಳ್ಳಗೂ ಆಯ್ತು" ಎಂದರೆ ಒಂದು ಕಡೆಯ ಹೆಚ್ಚಳವನ್ನು ಇನ್ನೊಂದು ಕಡೆಯ ಇಳಿಕೆ ಸರಿದೂಗಿಸಿತು ಎಂಬ ಕಾರಣ. "ಮತ್ತೆ ಉಂಡೆ ಮಾಡಿದ್ರೆ ಮೊದಲಿನ ಹಾಗೇ ಆಗುತ್ತೆ" ಎಂದರೆ ಹಿಂದಕ್ಕೆ ತಿರುಗಿಸುವ ಕಾರಣ. ಉದಾಹರಣೆಯಲ್ಲಿ ಈ ಮೂರರಲ್ಲಿ ಯಾವುದಿದೆ ಎಂದು ಹೆಸರಿಟ್ಟು ಬರೆಯಿರಿ. ಕಾರಣವೇ ಕೊಟ್ಟಿರದಿದ್ದರೆ "ಕಾರಣ ತಿಳಿಯದೆ ಖಚಿತವಾಗಿ ಹೇಳಲಾಗದು, ಶಿಕ್ಷಕರು ಹೀಗೆ ಕೇಳಿ ನೋಡಬೇಕು" ಎಂದು ಬರೆಯುವುದು ತಪ್ಪಲ್ಲ. ಅದು ಸರಿಯಾದ ಉತ್ತರವೇ.

ನಡುವಿನ ಮಕ್ಕಳೂ ಇರುತ್ತಾರೆ. ಒಮ್ಮೆ ಸಮ ಎನ್ನುತ್ತಾರೆ, ಇನ್ನಷ್ಟು ಎಳೆದು ತೋರಿಸಿದರೆ ಮನಸ್ಸು ಬದಲಾಯಿಸುತ್ತಾರೆ. ಅಂಥ ಮಗುವನ್ನು ಒಂದು ಡಬ್ಬಿಗೆ ತುರುಕಬೇಡಿ. ಎರಡು ಹಂತಗಳ ನಡುವೆ ಇದೆ ಎಂದೇ ಬರೆಯಿರಿ.

"ಶಿಕ್ಷಕರು ಏನು ಮಾಡಬೇಕು" ಅನ್ನೋ ಭಾಗಕ್ಕೆ "ಚಟುವಟಿಕೆ ಆಧಾರಿತ ಕಲಿಕೆ ಒದಗಿಸಬೇಕು" ಅಂತ ಬರೆದ್ರೆ ಸಾಕಾ?

ಸಾಲದು. ಆ ವಾಕ್ಯ ಯಾವ ಮಗುವಿಗೂ, ಯಾವ ಪಾಠಕ್ಕೂ ಒಪ್ಪುತ್ತದೆ. ಅದಕ್ಕೇ ಅದಕ್ಕೆ ಬೆಲೆ ಕಡಿಮೆ. ನಿಮ್ಮ ಸಲಹೆ ಮೇಲೆ ನೀವೇ ಗುರುತಿಸಿದ ತೊಡಕಿಗೆ ಮದ್ದಾಗಿರಬೇಕು.

ಬಟನ್‌ಗಳ ಹುಡುಗಿಗೆ ಏನು ತೊಡಕು? ಉದ್ದಕ್ಕೆ ಕಣ್ಣು ನೆಟ್ಟಿದೆ, ಹಿಂದಕ್ಕೆ ತಿರುಗಿಸಿ ಯೋಚಿಸುತ್ತಿಲ್ಲ. ಹಾಗಾದರೆ ಶಿಕ್ಷಕಿ ಬಟನ್ ಸರಿಸುವ ಕೆಲಸವನ್ನು ಅವಳ ಕೈಗೇ ಕೊಡಬಹುದು. ಅಗಲ ಮಾಡು, ಮತ್ತೆ ಹತ್ತಿರ ತಾ, ಪ್ರತಿ ಸಲ "ಈಗ ಹೇಗೆ?" ಎಂದು ಕೇಳಬಹುದು. ಒಂದೊಂದು ನೀಲಿ ಬಟನ್‌ನಿಂದ ಅದರ ಜೊತೆಯ ಕೆಂಪು ಬಟನ್‌ಗೆ ದಾರ ಇಡಿಸಬಹುದು. ಸಾಲು ಎಷ್ಟೇ ಅಗಲವಾದರೂ ಜೊತೆ ಇಲ್ಲದ ಬಟನ್ ಒಂದೂ ಉಳಿಯುವುದಿಲ್ಲ ಎಂಬುದು ಅವಳಿಗೇ ಕಾಣಬೇಕು. ಆಮೇಲೆ ಕೆಂಪನ್ನು ನೀಲಿಗಿಂತಲೂ ಹತ್ತಿರ ಹತ್ತಿರ ಇಡಿಸಿ ಕೇಳಬಹುದು. ಈಗ ಉದ್ದದ ಲೆಕ್ಕದಲ್ಲಿ ನೀಲಿ ಜಾಸ್ತಿ ಎನ್ನಬೇಕಾಗುತ್ತದೆ. ಸ್ವಲ್ಪ ಮೊದಲು ತಾನೇ ಕೆಂಪು ಜಾಸ್ತಿ ಎಂದಿದ್ದಳು. ತನ್ನ ಮಾತೇ ತನ್ನ ಮಾತಿಗೆ ಅಡ್ಡ ಬಂದಾಗ ಅವಳಿಗೆ ಕಸಿವಿಸಿ ಆಗುತ್ತದೆ.

ಆ ಕಸಿವಿಸಿಗೆ ಪಿಯಾಜೆಯ ಮಾತಿನಲ್ಲಿ ಅಸಮತೋಲನ ಎಂದು ಹೆಸರು. ಮೊದಲು ಅವಳು ಹೊಸ ಸಾಲನ್ನೂ "ಉದ್ದ ಇದ್ದರೆ ಜಾಸ್ತಿ" ಎಂಬ ತನ್ನ ಹಳೆಯ ಸ್ಕೀಮಾದೊಳಗೇ, ಅಂದರೆ ಮನಸ್ಸಿನಲ್ಲಿ ಮೊದಲೇ ಇದ್ದ ಯೋಚನೆಯ ಚೌಕಟ್ಟಿನೊಳಗೇ ಸೇರಿಸಿಕೊಳ್ಳುತ್ತಿದ್ದಳು. ಅದು ಸ್ವಾಂಗೀಕರಣ. ಆ ಸ್ಕೀಮಾ ಕೆಲಸಕ್ಕೆ ಬಾರದೆ ಹೋದಾಗ ಅದನ್ನೇ ಬದಲಾಯಿಸಿಕೊಳ್ಳಬೇಕಾಗುತ್ತದೆ. ಅದು ಹೊಂದಾಣಿಕೆ. ಈ ಎರಡು ಪದಗಳನ್ನು ಉತ್ತರದ ಆರಂಭದಲ್ಲಿ ವ್ಯಾಖ್ಯಾನವಾಗಿ ಬರೆಯುವ ಬದಲು ಇಲ್ಲಿ, ಕೆಲಸ ಮಾಡುವ ಜಾಗದಲ್ಲಿ ಇಡಿ.

ಒಂದು ಎಚ್ಚರಿಕೆ. "ಎರಡೂ ಸಮ ಎಂದು ಹೇಳಿಕೊಡಬೇಕು" ಎಂದು ಬರೆಯಬೇಡಿ. ಮಗು ಆ ವಾಕ್ಯವನ್ನು ಕಲಿಯುತ್ತದೆ. ಜೇಡಿಮಣ್ಣಿನ ಮುಂದೆ ಕೂರಿಸಿದರೆ ಮತ್ತೆ ಅದೇ ತಪ್ಪು.

## ಜಾಸ್ತಿ ಅಂಕದ ಪ್ರಶ್ನೆಗಳಿಗೆ

ಒಂದೇ ಮಗು ಮಣ್ಣಿನ ಪ್ರಮಾಣ ಅದೇ ಅನ್ನುತ್ತೆ, ತೂಕ ಮಾತ್ರ ಬದಲಾಯ್ತು ಅನ್ನುತ್ತೆ. ಇದು ಯಾವ ಹಂತ?

ಮೂರ್ತ ಕಾರ್ಯ ಹಂತವೇ, ಅದರ ಮೊದಲ ಭಾಗ. ಸಂರಕ್ಷಣೆ ಎಲ್ಲಾ ವಿಷಯದಲ್ಲೂ ಒಂದೇ ದಿನ ಬರುವುದಿಲ್ಲ. ಸಂಖ್ಯೆ ಮೊದಲು, ಸುಮಾರು 6–7ಕ್ಕೆ. ವಸ್ತುವಿನ ಪ್ರಮಾಣ ಹೆಚ್ಚು ಕಡಿಮೆ 7–8ಕ್ಕೆ. ತೂಕ 9ರ ಹೊತ್ತಿಗೆ. ನೀರಿನಲ್ಲಿ ಮುಳುಗಿಸಿ ನೋಡುವ ಗಾತ್ರ 11ರ ಆಚೀಚೆ. ಒಂದೇ ಹಂತದ ಒಳಗೆ ಹೀಗೆ ಹಿಂದೆ ಮುಂದೆ ಆಗುವುದಕ್ಕೆ ಪಿಯಾಜೆ ಫ್ರೆಂಚ್‌ನಲ್ಲಿ ಡೆಕಲಾಜ್ ಎಂದರು. ಅಡ್ಡ ಅಂತರ ಎಂದು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಮೂಲ ಪದ ಇಟ್ಟರೆ ಚೆನ್ನ.

ಇದನ್ನು ಬರೆದು ಅಲ್ಲಿಗೇ ಬಿಡಬೇಡಿ. ಹಂತ ಅಂದರೆ ಇಡೀ ಯೋಚನೆಯೇ ಒಟ್ಟಿಗೆ ಬದಲಾಗುವುದು ಎನ್ನುವುದು ಸಿದ್ಧಾಂತ. ಆದರೆ ತರ್ಕ ಒಂದೇ ಆಗಿದ್ದರೂ ಮಣ್ಣಿನಿಂದ ತೂಕಕ್ಕೆ ದಾಟಲು ಮಗುವಿಗೆ ವರ್ಷಗಳು ಬೇಕಾದರೆ, "ಒಟ್ಟಿಗೆ" ಎಂಬ ಮಾತು ಸಡಿಲವಾಗುತ್ತದೆ. ಪಿಯಾಜೆಯ ಮೇಲಿನ ಗಟ್ಟಿ ಆಕ್ಷೇಪಗಳಲ್ಲಿ ಇದೂ ಒಂದು. ನಿಮ್ಮ ಉದಾಹರಣೆಯೇ ಅದಕ್ಕೆ ಸಾಕ್ಷಿಯಾಗಿರುವಾಗ ಬಳಸಿಕೊಳ್ಳಿ.

ಹೈಸ್ಕೂಲು ಮಕ್ಕಳ ಉದಾಹರಣೆ ಬಂದ್ರೆ ಔಪಚಾರಿಕ ಹಂತ ಅಂತ ಹೇಗೆ ಗುರುತಿಸೋದು?

ಮಗು ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುತ್ತಿದೆಯಾ ಎಂದು ನೋಡಿ. ಇನ್‌ಹೆಲ್ಡರ್ ಮತ್ತು ಪಿಯಾಜೆ ಬಳಸಿದ ಲೋಲಕದ ಕೆಲಸ ಇದಕ್ಕೆ ಚೆನ್ನಾದ ಅಳತೆಗೋಲು. ದಾರಕ್ಕೆ ತೂಕ ಕಟ್ಟಿ ತೂಗಾಡಿಸುತ್ತಾರೆ. ಅದು ಬೇಗ ತೂಗಲು ಕಾರಣ ಯಾವುದು: ದಾರದ ಉದ್ದವೇ, ತೂಕವೇ, ಬಿಟ್ಟ ಎತ್ತರವೇ, ತಳ್ಳಿದ ಜೋರೇ? ನಿಜವಾದ ಕಾರಣ ದಾರದ ಉದ್ದ. ಒಂಬತ್ತು ವರ್ಷದ ಮಗು ದಾರವನ್ನು ಗಿಡ್ಡ ಮಾಡಿ, ಜೊತೆಗೆ ತೂಕವನ್ನೂ ಹಗುರ ಮಾಡಿ, ಬೇಗ ತೂಗಿದ್ದನ್ನು ಕಂಡು "ಎರಡೂ ಕಾರಣ" ಎನ್ನಬಹುದು. ಅದು ಕಂಡದ್ದು ಸರಿ, ಆದರೆ ಎರಡನ್ನು ಬೇರ್ಪಡಿಸಿಲ್ಲ. ಹದಿನಾಲ್ಕರ ಹುಡುಗ "ತೂಕ ಹಾಗೇ ಇರಲಿ, ದಾರ ಮಾತ್ರ ಬದಲಿಸೋಣ" ಎಂದರೆ ಅದು ಔಪಚಾರಿಕ ಯೋಚನೆ.

ತರಗತಿಯ ಉದಾಹರಣೆಯಲ್ಲಿ ಇದು ಬೇರೆ ವೇಷದಲ್ಲಿ ಬರುತ್ತದೆ. ಒಂದು ಕುಂಡವನ್ನು ಬಿಸಿಲಲ್ಲಿಟ್ಟು ದಿನಾ ನೀರು ಹಾಕಿ, ಇನ್ನೊಂದನ್ನು ನೆರಳಲ್ಲಿಟ್ಟು ನೀರು ಹಾಕದೆ, "ಬಿಸಿಲಿನಿಂದ ಗಿಡ ಬೆಳೆಯಿತು" ಎಂದು ವಿದ್ಯಾರ್ಥಿ ಬರೆಯುತ್ತಾನೆ. ವಿಜ್ಞಾನದ ಶಿಕ್ಷಕರು ಅದನ್ನು ಪ್ರಯೋಗದ ತಪ್ಪು ಎನ್ನುತ್ತಾರೆ. ನೀವು ಅದರ ಹಿಂದಿನ ಯೋಚನೆಗೆ ಹೆಸರು ಕೊಡಬೇಕು.

ಮಿತಿಯನ್ನೂ ಸೇರಿಸಿ. ಹದಿಮೂರು ತುಂಬಿದ ಮಾತ್ರಕ್ಕೆ ಎಲ್ಲರೂ ಎಲ್ಲಾ ವಿಷಯದಲ್ಲೂ ಹೀಗೆ ಯೋಚಿಸುವುದಿಲ್ಲ. 1972ರಲ್ಲಿ ಪಿಯಾಜೆಯೇ ಇದನ್ನು ಒಪ್ಪಿದರು: ಈ ಹಂತ 15ರಿಂದ 20ರವರೆಗೂ ಮುಂದಕ್ಕೆ ಹೋಗಬಹುದು, ಮನುಷ್ಯನಿಗೆ ಯಾವ ವಿಷಯದಲ್ಲಿ ಒಲವು, ಅನುಭವ ಇದೆಯೋ ಅಲ್ಲಿ ಕಾಣಿಸಿಕೊಳ್ಳಬಹುದು ಎಂದರು.

ವಿಮರ್ಶೆ ಬರೀಬೇಕು ಅಂದಾಗ "ಪಿಯಾಜೆ ಮಕ್ಕಳನ್ನು ಕಡಿಮೆ ಅಂದಾಜು ಮಾಡಿದರು" ಅಂತ ಮಾತ್ರ ನೆನಪಾಗುತ್ತೆ. ಅದನ್ನ ಉದಾಹರಣೆಗೆ ಹೇಗೆ ಜೋಡಿಸೋದು?

ಮತ್ತೆ ಬಟನ್‌ಗಳ ಹುಡುಗಿಗೆ ಹೋಗೋಣ. ಶಿಕ್ಷಕಿ ಒಂದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ನಡುವೆ ತಾವೇ ಬಟನ್ ಸರಿಸಿದರು. ಮಗುವಿನ ಜಾಗದಲ್ಲಿ ನಿಂತು ನೋಡಿ: ದೊಡ್ಡವರು ಬೇಕೆಂದೇ ಏನೋ ಬದಲಾಯಿಸಿ ಅದೇ ಪ್ರಶ್ನೆ ಮತ್ತೆ ಕೇಳುತ್ತಿದ್ದಾರೆ ಎಂದರೆ, ಉತ್ತರವೂ ಬದಲಾಗಬೇಕು ಎಂದು ಅನಿಸದೇ ಇರುತ್ತದೆಯೇ?

ಮೆಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್ 1974ರಲ್ಲಿ ಇದನ್ನೇ ಪರೀಕ್ಷಿಸಿದರು. 4ರಿಂದ 6 ವರ್ಷದ ಮಕ್ಕಳೆದುರು ಒಂದು ತುಂಟ ಗೊಂಬೆ ಕರಡಿ ಬಂದು ಸಾಲನ್ನು "ಅಕಸ್ಮಾತ್ತಾಗಿ" ಕೆಡಿಸುವಂತೆ ಮಾಡಿದರು. ದೊಡ್ಡವರೇ ಸಾಲು ಬದಲಾಯಿಸಿದಾಗ ಸರಿ ಉತ್ತರ ಕೊಟ್ಟವರು ಸುಮಾರು 16%. ಕರಡಿ ಕೆಡಿಸಿದಾಗ ಸುಮಾರು 62%. ಸ್ಯಾಮ್ಯುಯೆಲ್ ಮತ್ತು ಬ್ರಯಂಟ್ 1984ರಲ್ಲಿ ಬದಲಾವಣೆಯ ನಂತರ ಒಂದೇ ಸಲ ಪ್ರಶ್ನೆ ಕೇಳಿದರು. ಆಗಲೂ ತಪ್ಪುಗಳು ಕಡಿಮೆಯಾದವು. ಆದರೆ ಅಲ್ಲೂ ದೊಡ್ಡ ಮಕ್ಕಳು ಚಿಕ್ಕವರಿಗಿಂತ ಚೆನ್ನಾಗಿ ಮಾಡಿದರು. ಅಂದರೆ ವಯಸ್ಸಿನ ಜೊತೆ ಬದಲಾವಣೆ ಇದೆ, ಅದು ಪಿಯಾಜೆ ಅಂದುಕೊಂಡದ್ದಕ್ಕಿಂತ ಬೇಗ ಶುರುವಾಗುತ್ತದೆ.

ಉತ್ತರದಲ್ಲಿ ಇದನ್ನು ಹೀಗೆ ಜೋಡಿಸಿ: "ಶಿಕ್ಷಕಿ ತಾವೇ ಬಟನ್ ಸರಿಸಿ ಪ್ರಶ್ನೆಯನ್ನು ಮತ್ತೆ ಕೇಳಿರುವುದರಿಂದ, ಹುಡುಗಿಯ ಉತ್ತರ ತರ್ಕದ ಕೊರತೆಯಿಂದಲೇ ಬಂತೆನ್ನಲು ಆಗದು. ಸಾಲು ಅಕಸ್ಮಾತ್ತಾಗಿ ಕದಲುವಂತೆ ಮಾಡಿ, ಒಮ್ಮೆ ಮಾತ್ರ ಕೇಳಿ ನೋಡಬೇಕು." ಹೀಗೆ ಬರೆದರೆ ವಿಮರ್ಶೆ ಬೇರೆ ಪ್ಯಾರಾದಲ್ಲಿ ಒಂಟಿಯಾಗಿ ಕೂರುವುದಿಲ್ಲ. ಹುಡುಗಿ ಕಾರಣವನ್ನೂ ಕೊಟ್ಟಿದ್ದಾಳೆ ("ಇಲ್ಲೀವರೆಗೂ ಬಂದಿದೆ") ಎಂಬುದು ಪಿಯಾಜೆಯ ಪರವಾಗಿ ಉಳಿಯುತ್ತದೆ. ಎರಡನ್ನೂ ತೂಗಿ, ನಿಮಗೆ ಯಾವುದು ಗಟ್ಟಿ ಅನಿಸುತ್ತದೆ ಎಂದು ಹೇಳಿ. ನನಗಂತೂ ಈ ಉದಾಹರಣೆಯಲ್ಲಿ ಪಿಯಾಜೆಯ ಪಕ್ಕವೇ ಸ್ವಲ್ಪ ಭಾರ ಅನಿಸುತ್ತದೆ. ಎಣಿಸಿ ಏಳು ಎಂದ ಮೇಲೂ ಅವಳು ತನ್ನ ಮಾತಿಗೇ ಅಂಟಿಕೊಂಡಿದ್ದಾಳೆ.

ವೈಗೋಟ್‌ಸ್ಕಿಯನ್ನೂ ಸೇರಿಸಬೇಕಾ? ಎಲ್ಲಿ?

ಪ್ರಶ್ನೆ ಪಿಯಾಜೆಯನ್ನು ಮಾತ್ರ ಕೇಳಿದ್ದರೆ ಬೇಡ. "ಅಭಿವೃದ್ಧಿಯ ಸಿದ್ಧಾಂತಗಳ ಬೆಳಕಿನಲ್ಲಿ" ಎಂದು ಅಗಲವಾಗಿ ಕೇಳಿದ್ದರೆ ಶಿಕ್ಷಕರ ಪಾತ್ರ ಹೇಳುವ ಭಾಗದಲ್ಲಿ ತನ್ನಿ. ಪಿಯಾಜೆಯ ದಾರಿಯಲ್ಲಿ ಹುಡುಗಿ ಬಟನ್‌ಗಳ ಜೊತೆ ತಾನೇ ಒದ್ದಾಡಿ ಕಂಡುಕೊಳ್ಳುತ್ತಾಳೆ. ವೈಗೋಟ್‌ಸ್ಕಿಯ ದಾರಿಯಲ್ಲಿ ಮುಖ್ಯ ಪ್ರಶ್ನೆ, ಅವಳು ಒಬ್ಬಳೇ ಮಾಡಲಾರದ್ದನ್ನು ಯಾರ ಯಾವ ಸಹಾಯದಿಂದ ಮಾಡಬಲ್ಲಳು ಎಂಬುದು. ಶಿಕ್ಷಕಿ ದಾರ ಇಡುವುದನ್ನು ಸೂಚಿಸಿದರೆ, ಅಥವಾ ಸಂರಕ್ಷಣೆ ಬಂದ ಗೆಳತಿಯ ಪಕ್ಕ ಕೂರಿಸಿ ಇಬ್ಬರೂ ಒಂದೇ ಉತ್ತರಕ್ಕೆ ಒಪ್ಪಬೇಕು ಎಂದರೆ, ಅದೇ ಚಟುವಟಿಕೆ ಎರಡೂ ಸಿದ್ಧಾಂತಕ್ಕೆ ಉದಾಹರಣೆಯಾಗುತ್ತದೆ. ಹೊಸ ಉದಾಹರಣೆ ಹುಡುಕಬೇಡಿ, ಅದೇ ಬಟನ್‌ಗಳನ್ನು ಇನ್ನೊಂದು ಕಡೆಯಿಂದ ತೋರಿಸಿ.